ಕಂಡದ್ದು, ಅಂದದ್ದು

ನವಲಗುಂದದ ಹೆಂಗಸರು ಮಥುರಾಬಾಯಿಗೆ ಹೆದರುತ್ತಿದ್ದರು. ಹೆರಿಗೆ ನೋವು ಶುರುವಾದರೆ ಮಾತ್ರ ಮೊದಲು ಅವರ ಹೆಸರನ್ನೇ ಕೂಗುತ್ತಿದ್ದರು. ಸರಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿ ಊರೂರು ತಿರುಗಿ, ನಿವೃತ್ತಿಯಾದ ಮೇಲೆ ಇಲ್ಲೇ ಎರಡು ಕೋಣೆಯ ಮನೆ ಹಿಡಿದು ಕೂತಿದ್ದ ಈ ಬಾಯಿ ಎತ್ತರದ ಹೆಣ್ಣುಮಗಳು. ಮಾತು ಕಡಿಮೆ, ಆಡಿದ್ದು ಅಗದಿ ಖಡಕ್. ಜ್ವರ ಬಂದ ಕೂಸಿನ ತಾಯಿ, "ಯಾರದೋ ಕಣ್ಣ ತಾಕೇತ್ರಿ" ಅಂದರೆ, "ಕಣ್ಣು ತಾಕಿದ್ದು ನೀ ನೋಡೀಯೇನು? ಹಂಗಾರ ಬಿಡು. ಕೂಸು ಎಷ್ಟು ಸಲ ವಾಂತಿ ಮಾಡ್ಕೊಂತು, ಅದನ್ನ ಹೇಳು" ಅನ್ನುತ್ತಿದ್ದರು.

ಈ ಸ್ವಭಾವಕ್ಕೊಂದು ಕಾರಣವಿತ್ತು. ಹದಿಹರೆಯ ಮುಗಿಯುವ ಮೊದಲೇ ಅವರ ಗಂಡ ತೀರಿಕೊಂಡಿದ್ದ. ಜ್ವರ ಬಂದು, ಕತ್ತು ಸೆಟೆದುಕೊಂಡು, ಬೆಳಕು ಕಂಡರೆ ಚೀರುತ್ತ ಮೂರ್ನಾಲ್ಕು ದಿನದಲ್ಲಿ ಹೋಗಿಬಿಟ್ಟ. ಹುಡುಗಿ ಅದನ್ನೆಲ್ಲ ಬಾಜುವಿನಲ್ಲೇ ಕೂತು ಕಂಡಿದ್ದಳು. ಅತ್ತೆಮನೆಯವರು ಅಂದದ್ದು ಮಾತ್ರ ಬೇರೆ: ಇವಳ ಕಾಲ್ಗುಣವೇ ಅವನನ್ನು ತಿಂದಿತು ಎಂದು. ಆ ಮಾತು ಕೇಳಿಸಿಕೊಂಡು ಒಂದು ವರ್ಷ ಕೋಣೆಯಲ್ಲಿ ಕೂತಿದ್ದ ಮಥುರಾಬಾಯಿ, ಮರುವರ್ಷ ಹುಬ್ಬಳ್ಳಿಗೆ ಹೋಗಿ ನರ್ಸ್ ಕೆಲಸ ಕಲಿಯಲು ನಿಂತರು. ಮನೆತನದ ಮರ್ಯಾದೆ ಹೋಯಿತು ಎಂದು ಅಣ್ಣಂದಿರು ಬಾಗಿಲು ಹಾಕಿಕೊಂಡರು. ಕಲಿಯುವಾಗ ಒಂದು ದಿನ, ಗಂಡನಿಗಾದದ್ದು ಮಿದುಳಿನ ಪೊರೆಯ ಜ್ವರ ಎಂದು ಅವರಿಗೆ ಗೊತ್ತಾಯಿತು. ಅಂದು ರಾತ್ರಿ ಅವರು ಹೊಟ್ಟೆ ತುಂಬ ಉಂಡು ಮಲಗಿದರು. ಹಗುರಾದ ಮನಸ್ಸಿಗೆ ಹಸಿವೆ ಎಷ್ಟೆಂಬುದು ಅಂದೇ ತಿಳಿಯಿತಂತೆ.

ಈಗ ನಾನು ಹೇಳಹೊರಟದ್ದು ಎಪ್ಪತ್ತಾರನೆಯ ಇಸವಿಯ ಮಾತು. ಊರಿನ ವಕೀಲ ಪ್ರಭಂಜನರಾಯರಿಗೆ ಒಂದು ಖೂನಿ ಖಟ್ಲೆ ಬಂತು. ಹೊಲದ ಬದುವಿನ ಜಗಳ, ಆಸ್ತಿ ಪಾಲಿನ ವಾಟ್ನಿ ದಾವೆ, ಇಂಥವುಗಳಲ್ಲಿ ಪಳಗಿದ ಕೈ ಅದು. ರಕ್ತ ಅಂದರೆ ರಾಯರಿಗೆ ತಲೆ ತಿರುಗುತ್ತಿತ್ತು. ಚಾರ್ಜಶೀಟಿನ ಸಂಗಡ ಬಂದ ಎರಡು ಕಾಗದ ಅವರ ನಿದ್ದೆ ಕೆಡಿಸಿದವು. ಒಂದು, ಪೊಲೀಸರು ಹೆಣದ ಎದುರು ಕೂತು ಪಂಚರ ಮುಂದೆ ಬರೆದ ಪಂಚನಾಮೆ, ಕನ್ನಡದ್ದು. ಇನ್ನೊಂದು, ಡಾಕ್ಟರರು ಹೆಣ ಕೊಯ್ದು ನೋಡಿ ಬರೆದ ವರದಿ, ಇಂಗ್ಲಿಷಿನದು. ಎರಡನೆಯದರಲ್ಲಿ ಕರುಳಿನ ಸುದ್ದಿ ಬರುವ ಹೊತ್ತಿಗೆ ರಾಯರು ಚಹಾ ಬೇಡವೆಂದು ಕೈ ಮಾಡಿದರು. ಕಾಗದ ಬಗಲಲ್ಲಿಟ್ಟುಕೊಂಡು ಮಥುರಾಬಾಯಿಯ ಮನೆಗೆ ಬಂದರು. ರಾಯರನ್ನು ಹುಟ್ಟಿದಾಗ ಎತ್ತಿಕೊಂಡ ಕೈ ಅವರದು. ಹೀಗಾಗಿ ಅಲ್ಲಿ ವಕೀಲಗಿರಿಯ ಠೀವಿ ನಡೆಯುತ್ತಿರಲಿಲ್ಲ.

"ಬಾಯಾರ, ಇದನ್ನ ನನಗ ತಿಳಿಯೋ ಹಂಗ ಒಂದು ಹಾಳಿಯೊಳಗ ಬರದು ಕೊಡ್ರಿ. ಏನು ಸಿಕ್ತು, ಎಲ್ಲೆ ಸಿಕ್ತು, ಅದರ ಅರ್ಥ ಏನು. ಇಷ್ಟ ಸಾಕು."

"ಯಾರದು ಖಟ್ಲೆ?"

"ಕೆಂಚವ್ವ ಅಂತ. ಇಲ್ಲೇ ಕಳಸನಹಾಳದ ಕುರಿಗಾರರಾಕಿ. ಗಂಡನ ಕುತ್ತಿಗಿ ಬಿಗದು ಕೊಂದಾಳ ಅಂತ ಮೈದುನನ ಫಿರ್ಯಾದಿ. ಸಾಬೀತಾದರ ಜನ್ಮಠೇಪ, ಜೀವ ಇರೋತನಕ ಜೈಲು. ಜಾಮೀನಿನ ಮ್ಯಾಲೆ ಬಿಟ್ಟಾರ."

ಸಂಗತಿ ಇಷ್ಟು. ಕೆಂಚವ್ವನ ಗಂಡ ಮೈಲಾರಪ್ಪ ಒಂದು ಸಂಜೆ ಮಗಳ ಮದುವೆ ವಿಷಯಕ್ಕೆ ಹೆಂಡತಿಯೊಡನೆ ಜಗಳ ಮಾಡಿದ. ಓಣಿಗೆಲ್ಲ ಕೇಳುವಂಥ ಜಗಳ. ಬೆಳಕು ಹರಿಯುವಾಗ ನೋಡಿದರೆ ಹಾಸಿಗೆಯಲ್ಲೇ ಸತ್ತಿದ್ದ, ಮೈ ಇನ್ನೂ ಬೆಚ್ಚಗಿತ್ತು. ಅವನ ತಮ್ಮ ಕರಿಸಿದ್ದಪ್ಪ ಅಣ್ಣಿಗೇರಿಯ ಆಚೆ ಕುರಿ ಬಿಟ್ಟುಕೊಂಡು ಹೋಗಿದ್ದವನು ಹೊತ್ತು ಇಳಿಯುವಾಗ ಬಂದ. ಅಣ್ಣನ ಕೊರಳ ಮೇಲೆ ಕಂದು ಗುರುತು ನೋಡಿದ, ಜಗಳದ ಸುದ್ದಿ ಕೇಳಿದ, ಸೀದಾ ಪೊಲೀಸ್ ಠಾಣೆಗೆ ನಡೆದ. ಪೊಲೀಸರು ಬಂದು, "ಕುತ್ತಿಗಿಗೆ ಏನು ಕಟ್ಟಿದ್ದಿ?" ಎಂದು ಕೇಳಿದಾಗ ಕೆಂಚವ್ವ, "ದಟ್ಟಿ ಕಟ್ಟಿದ್ನಿರಿ, ನಾನ ಕಟ್ಟಿದ್ನಿ" ಅಂದಳು. ದಟ್ಟಿ ಅಂದರೆ ನಡುವಿಗೆ ಸುತ್ತುವ ಬಟ್ಟೆಯ ಪಟ್ಟಿ. ಪೊಲೀಸರ ಎದುರಿನ ಇಂಥ ಒಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ಅವರ ತನಿಖೆ ಅಲ್ಲಿಗೇ ನಿಂತುಹೋಯಿತು.

ಮಥುರಾಬಾಯಿ ಕನ್ನಡಕ ಒರೆಸಿಕೊಂಡು ಜಮಖಾನದ ಮೇಲೆ ಕೂತರು. ಅವರ ಪದ್ಧತಿ ಸರಳ. ಹಾಳೆಯನ್ನು ಉದ್ದಕ್ಕೆ ಮಡಚಿ ಎರಡು ಪಾಲು ಮಾಡುವುದು. ಎಡಕ್ಕೆ "ಕಂಡದ್ದು", ಬಲಕ್ಕೆ "ಅಂದದ್ದು". ಕಣ್ಣಿಗೆ ಬಿದ್ದದ್ದು, ಕೈಗೆ ಹತ್ತಿದ್ದು ಎಡಕ್ಕೆ. ಅದರ ಮೇಲೆ ಯಾರಾದರೂ ಕಟ್ಟಿದ ಅಭಿಪ್ರಾಯ ಬಲಕ್ಕೆ, ಡಾಕ್ಟರದಾಗಲಿ, ಪಂಚರದಾಗಲಿ. ಕಾಲ್ಗುಣದ ಮಾತು ಕೇಳಿದ ದಿನದಿಂದ ಈ ಎರಡನ್ನು ಒಂದೇ ಡಬ್ಬಿಯಲ್ಲಿ ಹಾಕುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು.

ಎಡಕ್ಕೆ ಹೀಗೆ ಬರೆದರು. ಕುತ್ತಿಗೆಯ ಮುಂಭಾಗದಲ್ಲಿ ಉರುಲಿನ ಗುರುತು. ಕಿವಿಗಳ ಕಡೆಗೆ ಮೇಲೇರಿದೆ, ಹಿಂದೆ ಇಲ್ಲ. ಗುರುತಿನ ಚರ್ಮ ಒಣಗಿ ಕಂದಾಗಿದೆ, ಕೆಳಗೆ ರಕ್ತ ಹೆಪ್ಪುಗಟ್ಟಿಲ್ಲ. ಗಂಟಲ ಮೇಲಿನ ಸಣ್ಣ ಎಲುಬು ಮುರಿದಿಲ್ಲ. ಮುಖ ಉಬ್ಬಿಲ್ಲ, ಕಣ್ಣೊಳಗೆ ರಕ್ತದ ಚುಕ್ಕೆ ಇಲ್ಲ. ಸತ್ತ ಮೇಲೆ ರಕ್ತ ಕೆಳಗಿಳಿದು ನಿಲ್ಲುವ ಕಲೆ, ಸೊಂಟದ ಕೆಳಗೆ, ತೊಡೆ, ಪಾದ, ಕೈಗಳಲ್ಲಿ. ಕುಂಡೆಯ ಮೇಲೆ ಮತ್ತು ಮೀನಖಂಡದ ಹೊರಬದಿಯಲ್ಲಿ ಬಿಳಿ ಪಟ್ಟೆ. ಮೈ ಸೆಟೆದಿದೆ, ಮೊಣಕಾಲು ಮಡಚಿವೆ. ಹೃದಯದ ರಕ್ತನಾಳ ಕಿರಿದಾಗಿದೆ, ಹೃದಯದ ಮಾಂಸದಲ್ಲಿ ಹಳೆಯ ಕಲೆ ಇದೆ. ಹೊಟ್ಟೆಯೊಳಗೆ ವಿಷ ಸಿಕ್ಕಿಲ್ಲ.

ಬಲಕ್ಕೆ ಒಂದೇ ಸಾಲು: ಕುತ್ತಿಗೆ ಬಿಗಿದು ಉಸಿರುಗಟ್ಟಿ ಸತ್ತಿರಬಹುದು, ಡಾಕ್ಟರ ಅಭಿಪ್ರಾಯ, ಪಂಚರದೂ ಅದೇ.

ಪಂಚನಾಮೆಯಲ್ಲಿ ಇನ್ನೂ ಬೇಕಾದಷ್ಟಿತ್ತು. ಹೆಣ ಅಂಗಳದಲ್ಲಿ ಕಂಬಳಿಯ ಮೇಲೆ ಇತ್ತು, ತಲೆ ಯಾವ ದಿಕ್ಕಿಗಿತ್ತು, ಹಣೆಗೆ ಅರಿಶಿನದ ಭಂಡಾರ, ಕೊರಳಲ್ಲಿ ಸೇವಂತಿಗೆ ಹಾರ, ಮೈಮೇಲೆ ಹೊಸ ಧೋತರ. ಸಾವಿನ ಕಾರಣಕ್ಕೂ ಹಾರಕ್ಕೂ ಏನು ಸಂಬಂಧ ಎಂದು ಮಥುರಾಬಾಯಿ ಅವನ್ನು ಬಿಟ್ಟರು. ವಕೀಲರು ಕೇಳಿದ್ದು ಒಂದು ಹಾಳೆ ತಾನೆ.

ಹಾಳೆ ಓದಿದ ಪ್ರಭಂಜನರಾಯರ ಮುಖ ಅರಳಿತು.

"ಸಿಕ್ತು ಬಾಯಾರ! ಹಿಂದಿಂದ ಬಿಗದರ ಗುರುತು ಸುತ್ತೂ ಬರಬೇಕು, ಅಡ್ಡ ಇರಬೇಕು. ಇಲ್ಲೆ ಮ್ಯಾಲೆ ಏರೇದ. ರಕ್ತ ಕಾಲಿಗೆ ಇಳದದ. ನೀವ ಬರದೀರಿ, ಉರುಲಿನ ಗುರುತು. ಅಂವ ತಾನ ಉರುಲು ಹಾಕ್ಕೊಂಡಾನ. ಮರ್ಯಾದಿಗಂಜಿ ಕೆಂಚವ್ವ ಇಳಿಸಿ ಮಲಗಿಸ್ಯಾಳ. ಇದ ನಮ್ಮ ಬಚಾವು."

ಮಥುರಾಬಾಯಿಗೂ ಹೌದೆನ್ನಿಸಿತು. ಹೊಂದುವಂಥ ಮಾತೇ ಅದು.

ಮರುದಿನ ರಾಯರು ಕೆಂಚವ್ವನನ್ನು ಕರೆಸಿ ಈ ಬಚಾವು ಹೇಳಿದರು. ಆಕೆ ರಾಯರ ಆಫೀಸಿನಿಂದ ಎದ್ದವಳು ಕೇಳುತ್ತ ಕೇಳುತ್ತ ಮಥುರಾಬಾಯಿಯ ಮನೆಗೇ ಬಂದು ಕಟ್ಟೆಯ ಮೇಲೆ ಕೂತಳು. ಒಣಗಿದ ಮೈ, ದೊಡ್ಡ ಕುಂಕುಮ ಅಳಿಸಿಹೋದ ಹಣೆ. ಹಿಂದೆಯೇ ರಾಯರೂ ಏದುಸಿರು ಬಿಡುತ್ತ ಬಂದರು.

"ನೀವೇನ್ರಿ ಯವ್ವಾ, ನನ್ನ ಗಂಡ ಉರಲ ಹಾಕ್ಕೊಂಡಾನಂತ ಬರದಾಕಿ?" ಎಂದಳು ಕೆಂಚವ್ವ.

"ನಾ ಹಂಗ ಬರದಿಲ್ಲ" ಎಂದರು ಮಥುರಾಬಾಯಿ. ಅಂದು, ರಾಯರ ಕೈಯಲ್ಲಿದ್ದ ಹಾಳೆ ನೋಡಿದರು. ಬರೆದಿದ್ದರು.

ಡಾಕ್ಟರರ ಇಂಗ್ಲಿಷ್ ಶಬ್ದ ಹೇಳುತ್ತಿದ್ದದ್ದು ಇಷ್ಟೇ: ಏನನ್ನೋ ಬಿಗಿದ ಗುರುತು. ಹಗ್ಗವೋ ಬಟ್ಟೆಯೋ, ಯಾರು ಬಿಗಿದರೋ, ಯಾಕೋ, ಆ ಶಬ್ದಕ್ಕೆ ಗೊತ್ತಿರಲಿಲ್ಲ. ಉರುಲು ಎಂದಾಗ ಸಾವೂ ಅದರೊಳಗೆ ಬಂದುಬಿಟ್ಟಿತು. ಬಲಕ್ಕೆ ಇರಬೇಕಾದ್ದನ್ನು ಮಥುರಾಬಾಯಿ ತಮ್ಮ ಕೈಯಾರೆ ಎಡಕ್ಕೆ ಬರೆದಿದ್ದರು. ಅವರಿಗೆ ನಾಚಿಕೆಯಾಯಿತು. ಅಷ್ಟು ವರ್ಷ ಮಂದಿಗೆ ಬೈದದ್ದೆಲ್ಲ ತಿರುಗಿ ತಮಗೇ ಬಂದಂತಾಯಿತು.

"ಉರಲ ಹಾಕ್ಕೊಂಡಂವನ ಮಗಳ್ನ ಯಾರ ತರ್ತಾರ್ರಿ?" ಕೆಂಚವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ನಾ ಜೈಲಿಗಿ ಹೋಗಾಕಿ ಹೋಕ್ಕೇನಿ. ಆದ್ರ ಅಂವ ಹಂಗ ಸತ್ತಿಲ್ಲ. ಹಾಸಗ್ಯಾಗ ಸತ್ತಾನ. ಸುಳ್ಳ ಹೇಳಂಗಿಲ್ಲ ನಾ."

ರಾಯರು ಕೈಚೆಲ್ಲಿದರು. "ನೋಡ್ರಿ, ಬದುಕೋ ಹಾದಿ ತೋರ್ಸಿದರ ಒಲ್ಲೆ ಅಂತಾಳ!"

"ನೀ ಸುಮ್ನಿರು ಪ್ರಭು" ಎಂದರು ಮಥುರಾಬಾಯಿ. ಅವರ ತಲೆಯಲ್ಲಿ ಒಂದು ವಿಚಾರ ಕೊರೆಯುತ್ತಿತ್ತು. ಉರುಲಲ್ಲಿ ತೂಗಿದವನ ಕಾಲು ನೆಟ್ಟಗೆ ಇಳಿಬಿದ್ದು ಸೆಟೆಯಬೇಕು. ಹಾಸಿಗೆಯಲ್ಲಿ ಸತ್ತವನ ರಕ್ತ ಬೆನ್ನಿಗೆ ಇಳಿಯಬೇಕು. ಇವನದು ಎರಡೂ ಅಲ್ಲ. ಮೊಣಕಾಲು ಯಾಕೆ ಮಡಚಿದವು? ಕುಂಡೆಯ ಮೇಲೆ ಬಿಳಿ ಪಟ್ಟೆ ಯಾಕೆ? ಹೆಣದ ಭಾರ ಎಲ್ಲಿ ನೆಲಕ್ಕೆ ಒತ್ತುತ್ತದೆಯೋ ಅಲ್ಲಿ ರಕ್ತ ಇಳಿಯುವುದಿಲ್ಲ, ಆ ಜಾಗ ಬಿಳಿಯಾಗಿಯೇ ಉಳಿಯುತ್ತದೆ. ಇದು ಅವರಿಗೆ ಗೊತ್ತಿದ್ದದ್ದೇ. ವಾರ್ಡಿನಲ್ಲಿ ಎಷ್ಟು ಹೆಣ ಒರೆಸಿರಲಿಲ್ಲ?

"ಕೆಂಚವ್ವಾ, ಅಂವ ಸತ್ತಾನ ಅಂತ ಗೊತ್ತಾತಲ್ಲ, ಆಮ್ಯಾಲೆ ಹೆಂಗ ಮಲಗಿಸಿದ್ರಿ?"

"ಮಲಗಿಸೂದ್ಯಾಕ್ರಿ? ಕುಂದರ್ಸಿದ್ವಿ."

ಮಥುರಾಬಾಯಿ ಕನ್ನಡಕ ತೆಗೆದರು.

ಮಥುರಾಬಾಯಿಯ ಮನೆತನದಲ್ಲಿ ಸತ್ತವರನ್ನು ನೆಲಕ್ಕೆ ಮಲಗಿಸುತ್ತಾರೆ. ಸುಡಲು ಒಯ್ಯುವವರೆಗೂ ಮಲಗಿದ್ದೇ. ಆದರೆ ಆ ಸೀಮೆಯ ಎಷ್ಟೋ ಓಣಿಗಳಲ್ಲಿ ಹೆಣವನ್ನು ಗೋಡೆಗೆ ಆನಿಸಿ ಚಕ್ಕಳಮಕ್ಕಳ ಹಾಕಿ ಕೂರಿಸುತ್ತಾರೆ. ಹೊಸ ಬಟ್ಟೆ ಉಡಿಸಿ, ಹಾರ ಹಾಕಿ, ಬಂದವರೆಲ್ಲ ಮುಖ ನೋಡುವಂತೆ. ತಲೆ ಜೋಲಬಾರದೆಂದು ಗದ್ದಕ್ಕೆ ಬಟ್ಟೆ ಕೊಟ್ಟು ಗೋಡೆಯ ಗೂಟಕ್ಕೆ ಬಿಗಿಯುತ್ತಾರೆ. ಭಜನೆಯವರು ಬಾಜು ಕೂತು ಹಾಡುತ್ತಾರೆ. ಮಥುರಾಬಾಯಿ ಇದನ್ನು ಬೀದಿಯಲ್ಲಿ ಹೋಗುತ್ತ ಬರುತ್ತ ನೂರು ಸಲ ಕಂಡಿದ್ದರು. ಪ್ರಭಂಜನರಾಯರೂ ಕಂಡಿದ್ದರು. ಕಾಗದ ಕೈಯಲ್ಲಿ ಹಿಡಿದಾಗ ಇಬ್ಬರಿಗೂ ಅದು ನೆನಪಿಗೆ ಬಂದಿರಲಿಲ್ಲ.

"ದಟ್ಟಿ ಕಟ್ಟಿದ್ದು ಆವಾಗ?"

"ಮತ್ತ ಯಾವಾಗ್ರಿ? ನಾನೂ ಬಾಜೂ ಮನಿ ಶಾರದವ್ವನೂ ಕೂಡಿ ಕಟ್ಟಿದ್ವಿ. ಮೈದುನ ಬರಲಿ ಅಂತ ದಿನಾ ಪೂರಾ ಕುಂದರ್ಸಿದ್ವಲ್ಲ, ಗದ್ದಕ್ಕ ಕಟ್ಟಿದ್ದು ಜಾರಿ ಕೊರಳಿಗೆ ಬಂದಿತ್ತು. ಯಾರೂ ನೋಡ್ಲಿಲ್ಲ, ಮ್ಯಾಲೆ ಹಾರ ಇತ್ತಲ್ಲ. ಮಣ್ಣಿಗೆ ಒಯ್ಯಾಕ ಬಿಚ್ಚಿದಾಗ ಮೈದುನ ಗುರುತು ಕಂಡಾ, ಹೌಹಾರಿದಾ."

"ಪೊಲೀಸರಿಗೆ ಇದನ್ಯಾಕ ಹೇಳ್ಲಿಲ್ಲ?"

"ಕಟ್ಟಿದ್ನಿ ಅಂತ ಹೇಳಿದ್ನೆಲ್ರಿ!" ಎಂದಳು ಕೆಂಚವ್ವ. ಹೆಣಕ್ಕೆ ದಟ್ಟಿ ಮತ್ತೇಕೆ ಕಟ್ಟುತ್ತಾರೆ ಎಂದು ಆಕೆಗೆ ನಿಜವಾಗಿಯೂ ತಿಳಿಯಲಿಲ್ಲ.

ಹಾರ! ಮಥುರಾಬಾಯಿ ಪಂಚನಾಮೆ ಎಳೆದುಕೊಂಡರು. ಕೊಂದು ಬಿಸಾಡಿದ ಹೆಣಕ್ಕೆ ಸೇವಂತಿಗೆ ಹಾರ ಹಾಕಿದ್ದು ಯಾರು? ಭಂಡಾರ, ಹೊಸ ಧೋತರ, ಮಡಚಿದ ಕಾಲು, ಎಲ್ಲವನ್ನೂ ಪೊಲೀಸರು ಪಾಪ ಕಂಡಂತೆ ಬರೆದಿದ್ದರು. ಅದನ್ನು ಕಸವೆಂದು ಗುಡಿಸಿದ್ದು ತಾವೇ. ಇನ್ನೊಂದು ಹಾಳೆ ತೆಗೆದು ಉದ್ದಕ್ಕೆ ಮಡಚಿದರು. "ಉರುಲಿನ ಗುರುತು" ಹೋಗಿ "ಬಿಗಿದ ಬಟ್ಟೆಯ ಅಥವಾ ಹಗ್ಗದ ಗುರುತು" ಬಂತು. ಹಾರ ಎಡಕ್ಕೆ ಬಂತು. ಕೆಳಗೆ ರಾಯರಿಗಾಗಿ ಒಂದು ಮಾತು ಬರೆದರು: ಸತ್ತ ಮೇಲೆ ಬಿಗಿದರೂ ಚರ್ಮ ಒಣಗಿ ಇಂಥದೇ ಗುರುತು ಬೀಳುತ್ತದೆ, ಇದೊಂದರಿಂದ ಯಾವುದನ್ನೂ ಸಾಬೀತು ಮಾಡಲಾಗದು, ಕಾಲು, ಬಿಳಿ ಪಟ್ಟೆ, ರಕ್ತದ ಕಲೆ ಮೂರನ್ನೂ ಕೂಡಿಸಿ ಡಾಕ್ಟರರನ್ನು ಕೇಳಬೇಕು, ಹೃದಯದ ಸುದ್ದಿ ಮರೆಯಬಾರದು.

"ಈ ಎರಡೂ ಕಾಗದ ತಾವಾಗೇ ಸಾಕ್ಷಿ ಅಲ್ಲ ಬಾಯಾರ" ಎಂದರು ರಾಯರು, ಈಗ ವಕೀಲರ ಗತ್ತಿನಲ್ಲಿ. "ಪಂಚರು, ಡಾಕ್ಟರು ಕೋರ್ಟಿಗೆ ಬಂದು ಬಾಯಿಬಿಟ್ಟು ಹೇಳಬೇಕು. ಅವರ ಬಾಯಿಂದನ ಹೊರಡಸ್ತೀನಿ."

"ಹೊರಡಸು. ಆದರ ಡಾಕ್ಟರಿಗೆ ಬೈಬ್ಯಾಡ. ಅಂವ ಕಂಡದ್ದನ್ನ ಒಂದೂ ಬಿಡದ ಬರದಾನ. ನನ್ನಕಿಂತ ಛೊಲೋ."

ಧಾರವಾಡದ ಸೆಷನ್ಸ್ ಕೋರ್ಟಿಗೆ ಮಥುರಾಬಾಯಿಯೂ ಹೋದರು. ಪಂಚರಲ್ಲಿ ಒಬ್ಬ ಕೆಂಚವ್ವನ ಊರಿನ ಮಡಿವಾಳೆಪ್ಪ, ಅಗಸರವನು. ಪಂಚನಾಮೆಗೆ ಮೊದಲು ಹೆಣ ಎಲ್ಲಿತ್ತು ಎಂದು ರಾಯರು ಕೇಳಿದರು.

"ಪಡಸಾಲ್ಯಾಗ ಕುಂದರ್ಸಿದ್ದರ್ರಿ. ಪೊಲೀಸ್ರು ಬರ್ತಾರಂದ ಕೂಡ್ಲೆ ಅಂಗಳಕ್ಕ ತಂದ ಇಟ್ವಿ. ನಾನೂ ಕೈ ಹಚ್ಚಿದ್ನಿ. ಕಾಲು ನೀಡಾಕ ನೋಡಿದ್ವಿ, ನೀಡ್ಲಿಲ್ಲ."

"ಅದನ್ನ ಪಂಚನಾಮೆಯೊಳಗ ಯಾಕ ಬರಸಲಿಲ್ಲ?"

ಮಡಿವಾಳೆಪ್ಪ ನ್ಯಾಯಾಧೀಶರ ಕಡೆ ನೋಡಿ, "ಹೆಣಾ ಕುಂದರ್ಸಿದ್ದು ಬರಸ್ತಾರೇನ್ರಿ ಸಾಹೇಬ್ರ? ಹಂಗಂದ್ರ ಹೆಣಾ ಉಸರಾಡ್ಲಿಲ್ಲ ಅಂತನೂ ಬರಸಬೇಕಾಕ್ಕೇತಿ" ಅಂದ. ಕೋರ್ಟು ನಕ್ಕಿತು. ಕರಿಸಿದ್ದಪ್ಪ ಮಾತ್ರ ತಲೆ ತಗ್ಗಿಸಿ ಕೂತಿದ್ದ.

ಡಾಕ್ಟರರು ಕರಾವಳಿಯ ಕಡೆಯ ತರುಣ, ಈ ಸೀಮೆಗೆ ಹೊಸಬ. ರಾಯರು ಒಂದೊಂದಾಗಿ ಕೇಳಿದರು. ಸತ್ತ ಸ್ವಲ್ಪ ಹೊತ್ತಿಗೇ ಚಕ್ಕಳಮಕ್ಕಳ ಹಾಕಿ ಕೂರಿಸಿ, ಇಡೀ ಹಗಲು ಗೋಡೆಗೆ ಆನಿಸಿ, ಗದ್ದಕ್ಕೆ ಕಟ್ಟಿದ ಬಟ್ಟೆ ಕೊರಳಿಗೆ ಜಾರಿದ್ದರೆ, ನೀವು ಕಂಡ ಗುರುತುಗಳು ಹೊಂದುತ್ತವೆಯೇ? ಡಾಕ್ಟರರು ತಮ್ಮ ವರದಿಯನ್ನು ಬಹಳ ಹೊತ್ತು ನೋಡಿದರು. "ಹೊಂದುತ್ತವೆ" ಎಂದರು. "ಹೀಗೆ ಕೂರಿಸುವ ರೂಢಿ ನನಗೆ ಗೊತ್ತಿರಲಿಲ್ಲ. ನನಗೆ ಯಾರೂ ಹೇಳಲೂ ಇಲ್ಲ." ಹೃದಯದ ಬೇನೆಯಿಂದ ಸತ್ತಿರಬಹುದೇ? ಸತ್ತಿರಬಹುದು. ಬದುಕಿದ್ದಾಗಲೇ ಕುತ್ತಿಗೆ ಬಿಗಿಯಲಾಯಿತು ಎಂದು ಖಂಡಿತವಾಗಿ ಹೇಳುತ್ತೀರಾ? "ಇಲ್ಲ. ಈಗ ಹೇಳಲಾರೆ." ಆ ಹುಡುಗನ ಬಗ್ಗೆ ಮಥುರಾಬಾಯಿಗೆ ಅಂದು ಹುಟ್ಟಿದ ಗೌರವ ಕೊನೆಯವರೆಗೂ ಉಳಿಯಿತು.

ಕೆಂಚವ್ವ ಖುಲಾಸೆಯಾದಳು. ರಾಯರು ಹಿಗ್ಗಿ ಹೀರೇಕಾಯಾದರು. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಫೇಡೆ ಕೊಡಿಸಿದರು. ಕೆಂಚವ್ವ ತನ್ನ ಪಾಲಿನದನ್ನು ಮಗಳಿಗೆಂದು ಸೆರಗಿನ ತುದಿಗೆ ಗಂಟುಹಾಕಿಕೊಂಡಳು. ಬಿಡುಗಡೆಯಾದವಳ ಮುಖ ಅದಾಗಿರಲಿಲ್ಲ. ನವಲಗುಂದದ ಬಸ್ಸಿನಲ್ಲಿ ಮಥುರಾಬಾಯಿಯ ಬಾಜು ಕೂತಳು. ಎರೆಹೊಲಗಳು ಶುರುವಾದ ಮೇಲೆ ಮೆಲ್ಲಗೆ ಕೇಳಿದಳು.

"ಯವ್ವಾ, ಎಲ್ಲಾರೂ ಅಂವ ಹೆಂಗ ಸಾಯಲಿಲ್ಲ ಅಂತನ ಮಾತಾಡಿದ್ರು. ಹೆಂಗ ಸತ್ತಾ ಅಂತ ನನಗ್ಯಾರೂ ಹೇಳ್ಲಿಲ್ಲ. ಆ ಹಾಳ್ಯಾಗ ಐತೇನ್ರಿ?"

ಮಥುರಾಬಾಯಿ ಚೀಲದಿಂದ ಹಾಳೆ ತೆಗೆದರು.

"ಅವತ್ತ ರಾತ್ರಿ ಜಗಳದಾಗ ನಾ ಅಂದಿದ್ನಿ" ಕೆಂಚವ್ವ ಕಿಟಕಿಯ ಕಡೆ ತಿರುಗಿದಳು. "'ಸಾಯಿ ಅತ್ಲಾಗ' ಅಂದಿದ್ನಿ. ಅಂವ ಹಂಗ ಹೋಗಿ ಮಕ್ಕೊಂಡಾ. ಅದಕ್ಕ ಎದಿ ಒಡೀತೇನ್ರಿ? ಕೋರ್ಟು ಬಿಟ್ರೂ ನಾನ ಕೊಂದಂಗಲ್ಲೇನ್ರಿ?"

ನಲವತ್ತು ವರ್ಷದ ಹಿಂದಿನ ಕೋಣೆ ಮಥುರಾಬಾಯಿಯ ಕಣ್ಣೆದುರು ಬಂತು. ಅಲ್ಲಿ ಕೂತಿದ್ದ ಹುಡುಗಿಗೆ ಯಾರಾದರೂ ಒಂದು ಹಾಳೆ ಓದಿ ಹೇಳಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿರಲಿಲ್ಲ. ಹಾಗೆಂದು ಇಲ್ಲದ್ದನ್ನು ಹೇಳುವ ಜೀವ ಅವರದಲ್ಲ. ಆ ರಾತ್ರಿಯ ಮಾತು ಏನು ಮಾಡಿತು, ಏನು ಮಾಡಲಿಲ್ಲ ಎಂಬುದು ಎಡಕ್ಕೂ ಇರಲಿಲ್ಲ, ಬಲಕ್ಕೂ ಇರಲಿಲ್ಲ. ಆದರೆ ಎಡಕ್ಕೆ ಒಂದು ಸಾಲು ಇತ್ತು. ಅದರ ಮೇಲೆ ಬೆರಳಿಟ್ಟರು.

"ಕೇಳು. ಡಾಕ್ಟರು ಕಣ್ಣಾರೆ ಕಂಡು ಬರದದ್ದು ಇದು. ಹೃದಯಕ್ಕ ರಕ್ತ ಒಯ್ಯೋ ನಾಳ ಕಿರಿದಾಗಿತ್ತು. ಅದು ಒಂದು ರಾತ್ರಿಯೊಳಗ ಆಗೋದಲ್ಲ, ವರ್ಷಗಟ್ಟಲೆ ಆಗೋದು. ಹೃದಯದಾಗ ಹಳೇ ಕಲೆ ಇತ್ತು. ಹಳೇದು, ಕೇಳಿದ್ಯಾ? ಯಾವಾಗೋ ಒಮ್ಮೆ ಗಾಯ ಆಗಿ ಮಾಯ್ದದ್ದು. ನಿಮ್ಮ ಜಗಳಕ್ಕಿಂತ ಎಷ್ಟೋ ಮೊದಲ."

ಕೆಂಚವ್ವ ಯೋಚಿಸಿದಳು. "ಎರಡ ವರ್ಸದ ಹಿಂದ ಕುರಿ ಹೊಡಕೊಂಡ ಬರೂವಾಗ ಎದಿ ಹಿಡಕೊಂಡ ಕುಂತಿದ್ದಾ. ವಾಯು ಅಂತ ಓಂಕಾಳು ತಿಂದಾ."

"ಆ ಗಾಯ ಅವತ್ತಿಂದ ಇರಬಹುದು" ಎಂದರು ಮಥುರಾಬಾಯಿ. ನಂತರ, ತಮ್ಮ ಪದ್ಧತಿಗೆ ತಪ್ಪದಂತೆ, "ಇದು ನಾ ಅಂದದ್ದು. ಕಂಡದ್ದು ಹಳೇ ಕಲೆ ಅಷ್ಟ" ಎಂದು ಸೇರಿಸಿದರು.

ಬಸ್ಸು ಹಳ್ಳದ ಸೇತುವೆ ದಾಟಿತು. ಕೆಂಚವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಹಾಳೆಯ ಕಡೆಗೆ ಬಾಗಿ, ಬೆರಳಿದ್ದ ಜಾಗವನ್ನು ಗುರುತಿಟ್ಟುಕೊಂಡು, "ಹಳೇದು ಅನ್ನೂದು ಇಲ್ಲೇನ್ರಿ?" ಎಂದಳು.

"ಇಲ್ಲೇ."

"ಇನ್ನೊಮ್ಮೆ ಓದ್ರಿ" ಎಂದಳು. ಮಥುರಾಬಾಯಿ ಓದಿದರು. ಮತ್ತೊಮ್ಮೆ ಕೇಳಿದಳು, ಮತ್ತೊಮ್ಮೆ ಓದಿದರು. ನವಲಗುಂದ ಹತ್ತಿರವಾಗುವಾಗ ಕೆಂಚವ್ವ ಸೆರಗಿನ ಗಂಟು ಬಿಚ್ಚಿ ಫೇಡೆ ಮುರಿದಳು. ಅರ್ಧವನ್ನು ಮಗಳಿಗೆಂದು ತಿರುಗಿ ಕಟ್ಟಿ, ಉಳಿದರ್ಧ ತಾನು ಬಾಯಿಗೆ ಹಾಕಿಕೊಂಡಳು.